ಗುರು ಲಘು ಹಿಡಿದು ಇಂಗ್ಲಿಷ್ ಪದಗಳ ಒತ್ತು ಹುಡುಕುವುದು: ನನ್ನ ಅನುಭವ

ಕೊಡಗಿನ ತೋಟಗಳಲ್ಲಿ ಬೆಳೆಯುವ ಎರಡು ಕಾಫಿಗಳ ಹೆಸರಲ್ಲೇ ಇಂಗ್ಲಿಷ್ ಒತ್ತಿನ ಮುಖ್ಯ ನಿಯಮ ಅಡಗಿದೆ. ಅರೇಬಿಕಾ ಎಂದು ನಾವು ಹೇಳುವುದನ್ನು ಇಂಗ್ಲಿಷಿನಲ್ಲಿ ‘ಅ-ರ್ಯಾ-ಬಿ-ಕ’ ಎನ್ನುತ್ತಾರೆ. ಒತ್ತು ‘ರ್ಯಾ’ ಮೇಲೆ, ಅಂದರೆ ಕೊನೆಯಿಂದ ಮೂರನೆಯದರ ಮೇಲೆ. ರೊಬಸ್ಟಾ ಪದ ‘ರೊ-ಬಸ್-ಟ’. ಅಲ್ಲಿ ಒತ್ತು ‘ಬಸ್’ ಮೇಲೆ, ಕೊನೆಯಿಂದ ಎರಡನೆಯದರ ಮೇಲೆ. ಒಂದರಲ್ಲಿ ಮೂರನೆಯದು, ಇನ್ನೊಂದರಲ್ಲಿ ಎರಡನೆಯದು ಯಾಕೆ? ಇದಕ್ಕೆ ಉತ್ತರ ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆಲ್ಲ ಅರ್ಧ ಗೊತ್ತಿರುತ್ತದೆ.

ನಾನು ವಿರಾಜಪೇಟೆ ಕಡೆ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಹಲವರು ರಜೆ ದಿನಗಳಲ್ಲಿ ಹೋಂಸ್ಟೇಗಳಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ ಹೀಗೆ ಬೇರೆ ಬೇರೆ ಮಾತು. ಉದ್ದ ಪದ ಬಂದಾಗ ಮಾತ್ರ ಎಲ್ಲರೂ ಒಂದೇ ರೀತಿ ಮಾಡುತ್ತಾರೆ. ಮೊದಲ ಅಕ್ಷರವನ್ನು ಒತ್ತಿ, ಉಳಿದದ್ದನ್ನು ಬರೆದಿದ್ದಂತೆಯೇ ತುಂಬು ಸ್ವರದಲ್ಲಿ ಓದುತ್ತಾರೆ. ಪದಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಆ ಪಟ್ಟಿಯ ಪದಗಳಷ್ಟೇ ಸರಿಹೋಗುತ್ತವೆ, ಹೊಸ ಪದ ಬಂದರೆ ಮತ್ತೆ ಹಳೇ ಕಥೆ. ಹಾಗಾಗಿ ನಾನು ಗಣ ವಿಭಾಗವನ್ನೇ ತರಗತಿಗೆ ತಂದೆ.

ಲೆಕ್ಕ ಹೀಗಿದೆ. ಪದವನ್ನು ಬಾಯಿಗೆ ಒಮ್ಮೆಗೆ ಬರುವ ತುಂಡುಗಳಾಗಿ ಒಡೆಯಬೇಕು. ಹ್ರಸ್ವ ಸ್ವರದಲ್ಲಿ ಮುಗಿಯುವ ತುಂಡು ಲಘು, ಒಂದು ಮಾತ್ರೆ. ದೀರ್ಘ ಸ್ವರ ಇದ್ದರೆ, ಅಥವಾ ತುಂಡು ವ್ಯಂಜನದಲ್ಲಿ ಮುಚ್ಚಿಕೊಂಡರೆ ಗುರು, ಎರಡು ಮಾತ್ರೆ. ಇಲ್ಲಿಯವರೆಗೆ ನಮ್ಮ ಛಂದಸ್ಸೇ. ಆಮೇಲೆ ಎರಡು ಬದಲಾವಣೆ. ಒಂದು, ನಾಮಪದ ಆದರೆ ಕೊನೆಯ ತುಂಡನ್ನು ಲೆಕ್ಕದಿಂದ ಹೊರಗೆ ಇಡಬೇಕು. ಎರಡು, ಗಣ ಎರಡೇ ಮಾತ್ರೆಯದು. ಭಾಮಿನಿಯಲ್ಲಿ ಮೂರು ನಾಲ್ಕರ ಗಣ ಬರುತ್ತದಲ್ವಾ, ಇಲ್ಲಿ ಎಲ್ಲವೂ ಎರಡರದ್ದು. ಒಂದು ಗುರು ಸೇರಿ ಒಂದು ಗಣ, ಇಲ್ಲವೇ ಎರಡು ಲಘು ಸೇರಿ ಒಂದು ಗಣ. ಬಲಗಡೆಯಿಂದ ಎಡಕ್ಕೆ ಗಣ ಕಟ್ಟುತ್ತಾ ಹೋಗಬೇಕು. ಪ್ರತಿ ಗಣದ ಮೊದಲ ತುಂಡಿಗೆ ಒತ್ತು.

ಈಗ ಕಾಫಿಗೆ ಬನ್ನಿ. ರೊಬಸ್ಟಾದಲ್ಲಿ ‘ಟ’ ಹೊರಗೆ. ಅದರ ಹಿಂದಿನ ‘ಬಸ್’ ಗುರು, ಅದೊಂದೇ ಗಣವಾಗುತ್ತದೆ, ಒತ್ತು ಅಲ್ಲೇ. ಅರೇಬಿಕಾದಲ್ಲಿ ‘ಕ’ ಹೊರಗೆ. ಹಿಂದಿನ ‘ಬಿ’ ಲಘು, ಒಂದೇ ಮಾತ್ರೆ, ಅದು ಒಂಟಿಯಾಗಿ ಗಣವಾಗುವುದಿಲ್ಲ. ಅದರ ಹಿಂದಿನ ‘ರ್ಯಾ’ ಜೊತೆ ಸೇರಿ ಗಣ ತುಂಬುತ್ತದೆ, ಒತ್ತು ‘ರ್ಯಾ’ ಮೇಲೆ. ನಮ್ಮ ಏಲಕ್ಕಿಯನ್ನೂ ಕಿತ್ತಳೆಯನ್ನೂ ಇದೇ ಲೆಕ್ಕಕ್ಕೆ ಹಾಕಿ: ‘ಕಾರ್-ಡ-ಮಮ್’, ‘ಮ್ಯಾನ್-ಡ-ರಿನ್’. ಕೊನೆಯದು ಹೊರಗೆ. ‘ಡ’ ಲಘು. ಅದರ ಹಿಂದೆ ಇರುವುದು ಗುರು, ಅದರಲ್ಲಿ ಆಗಲೇ ಎರಡು ಮಾತ್ರೆ ತುಂಬಿದೆ. ಹಾಗಾಗಿ ‘ಡ’ವನ್ನು ಗಣದ ಹೊರಗೆ ಬಿಟ್ಟು ಗುರುವನ್ನೇ ಗಣ ಮಾಡುತ್ತೇವೆ. ಒತ್ತು ‘ಕಾರ್’ ಮೇಲೆ, ‘ಮ್ಯಾನ್’ ಮೇಲೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ರ್ಯಾ’ ಎಂದು ಕನ್ನಡದಲ್ಲಿ ಬರೆದರೆ ದೀರ್ಘ ಅನಿಸುತ್ತದೆ. ಇಂಗ್ಲಿಷಿನಲ್ಲಿ ಆ ಸ್ವರ ಹ್ರಸ್ವ. ಆದ್ದರಿಂದ ಮಾತ್ರೆಯನ್ನು ಕನ್ನಡ ಲಿಪಿ ನೋಡಿ ಎಣಿಸಬಾರದು, ಕಿವಿಯಿಂದ ಎಣಿಸಬೇಕು.

ಇನ್ನೊಂದು ಕಡೆ ನಮ್ಮ ಛಂದಸ್ಸಿನ ಅಭ್ಯಾಸವೇ ದಾರಿ ತಪ್ಪಿಸುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ನಾವು ಕಲಿತಿದ್ದೇವೆ. ‘ಆಲ್ಜಿಬ್ರ’ ಪದದಲ್ಲಿ ‘ಬ್ರ’ ಹಿಂದಿನ ‘ಜಿ’ ಗುರು ಎಂದು ಹಿಡಿದರೆ ಒತ್ತು ‘ಜಿ’ ಮೇಲೆ ಬೀಳಬೇಕು. ಆದರೆ ಬೀಳುವುದು ‘ಆಲ್’ ಮೇಲೆ. ಇಂಗ್ಲಿಷ್ ಬಾಯಲ್ಲಿ ‘ಬ್ರ’ ಪೂರ್ತಿಯಾಗಿ ಮುಂದಿನ ತುಂಡಿಗೆ ಹೋಗುತ್ತದೆ, ‘ಜಿ’ ತೆರೆದೇ ಉಳಿಯುತ್ತದೆ. ಒಂದು ಪದದ ಆರಂಭದಲ್ಲಿ ಬರಬಲ್ಲ ವ್ಯಂಜನ ಜೋಡಿಯಲ್ಲಿ ‘ರ’ ಎರಡನೆಯದಾಗಿದ್ದರೆ ಹಿಂದಿನದು ಸಾಮಾನ್ಯವಾಗಿ ಗುರುವಾಗುವುದಿಲ್ಲ. ಬೆನ್ನುಮೂಳೆಯ ‘ವರ್ಟಿಬ್ರ’ ಕೂಡ ಹೀಗೆಯೇ, ಒತ್ತು ‘ವರ್’ ಮೇಲೆ. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು. ಅಲ್ಲೂ ಒತ್ತಕ್ಷರ ಇದ್ದರೂ ಹಿಂದಿನದು ಲಘುವಾಗಿಯೇ ಉಳಿಯುತ್ತದೆ.

ಇಷ್ಟು ಬಂದ ಮೇಲೆ ಉದ್ದ ಪದಕ್ಕೆ ಕೈ ಹಾಕಬಹುದು. ನಮ್ಮ ಜಿಲ್ಲೆಯ ಮಕ್ಕಳಿಗೆ ತೀರಾ ಬೇಕಾದ ಪದ ‘ಹಾಸ್ಪಿಟ್ಯಾಲಿಟಿ’. ಒಬ್ಬ ಹುಡುಗಿ ಸರಿಯಾಗಿಯೇ ಕೇಳಿದಳು: “ಸಾರ್, ಹಾಸ್ಪಿಟಲ್ ಅನ್ನುವಾಗ ‘ಹಾಸ್’ ಒತ್ತಬೇಕು ಅಂದ್ರಿ. ಅದಕ್ಕೇ ಬಾಲ ಸೇರಿಸಿದ್ರೆ ಒತ್ತು ಯಾಕೆ ಓಡಿಹೋಗುತ್ತೆ?”

ಓಡಿಹೋಗುವುದು ಅಲ್ಲ, ಲೆಕ್ಕ ಕೊನೆಯಿಂದ ಶುರುವಾಗುತ್ತದೆ, ಈಗ ಕೊನೆ ಬದಲಾಗಿದೆ. ‘ಹಾಸ್-ಪಿ-ಟಲ್’ನಲ್ಲಿ ‘ಟಲ್’ ಹೊರಗೆ, ‘ಪಿ’ ಒಂಟಿ ಲಘು, ‘ಹಾಸ್’ ಗುರು. ಗಣ ಒಂದೇ. ‘ಹಾಸ್-ಪಿ-ಟ್ಯಾ-ಲಿ-ಟಿ’ ಆದಾಗ ‘ಟಿ’ ಹೊರಗೆ. ‘ಟ್ಯಾ’ ಮತ್ತು ‘ಲಿ’ ಎರಡೂ ಲಘು, ಸೇರಿ ಒಂದು ಗಣ. ಎಡಕ್ಕೆ ಹೋದರೆ ‘ಪಿ’ ಒಂಟಿ, ಮುಂದೆ ‘ಹಾಸ್’ ಗುರು, ಅದು ಇನ್ನೊಂದು ಗಣ. ಈಗ ಪದದಲ್ಲಿ ಎರಡು ಗಣ, ಎರಡು ಒತ್ತು: ‘ಹಾಸ್’ ಮತ್ತು ‘ಟ್ಯಾ’. ಇವೆರಡರಲ್ಲಿ ದೊಡ್ಡದು ಯಾವುದು?

ಇಲ್ಲಿ ಕವಲೊಡೆಯುವ ಮರದ ಚಿತ್ರ ಬೇಕಾಗುತ್ತದೆ. 1968ರಲ್ಲಿ ಭಾಷಾವಿಜ್ಞಾನಿಗಳಾದ ಚಾಮ್‌ಸ್ಕಿ ಮತ್ತು ಹ್ಯಾಲೆ ಒತ್ತನ್ನು ಸ್ವರದ ಮೇಲೆ ಬರೆಯುವ ಅಂಕಿಯಂತೆ ನೋಡಿದ್ದರು: ಒಂದು, ಎರಡು, ಮೂರು ಹೀಗೆ. 1977ರಲ್ಲಿ ಲೀಬರ್‌ಮನ್ ಮತ್ತು ಪ್ರಿನ್ಸ್ ಬೇರೆ ದಾರಿ ಹಿಡಿದರು. ಒತ್ತು ಎಂಬುದು ಒಂದು ಅಕ್ಷರದ ಸ್ವಂತ ಗುಣ ಅಲ್ಲ, ಜೊತೆಗಿರುವ ಇನ್ನೊಂದಕ್ಕೆ ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ ಎಂದರು. ಹಾಗಾಗಿ ಮರದ ಪ್ರತಿ ಕವಲಿನಲ್ಲೂ ಎರಡು ಕೊಂಬೆ, ಒಂದು ಗಟ್ಟಿ, ಒಂದು ಮೆದು. ಈ ವಿಚಾರ ನನಗೆ ತುಂಬ ಇಷ್ಟ. ಯಾಕೆಂದರೆ ಇದನ್ನು ಹೇಳಿದ ಮೇಲೆ ಮಕ್ಕಳು ಒತ್ತು ಎಂದರೆ ಜೋರಾಗಿ ಕೂಗುವುದು ಎಂದು ಭಾವಿಸುವುದನ್ನು ಬಿಡುತ್ತಾರೆ.

ಬೋರ್ಡಿನ ಮೇಲೆ ನಾನು ಹೀಗೆ ಹಾಕುತ್ತೇನೆ. ಕೆಳಗೆ ಐದು ತುಂಡು ಸಾಲಾಗಿ. ‘ಟ್ಯಾ’ ಮತ್ತು ‘ಲಿ’ ಮೇಲೆ ಒಂದು ಕವಲು: ‘ಟ್ಯಾ’ ಗಟ್ಟಿ, ‘ಲಿ’ ಮೆದು. ಒಂಟಿ ಉಳಿದ ‘ಪಿ’ಯನ್ನು ‘ಹಾಸ್’ಗೆ ಮೆದು ಕೊಂಬೆಯಾಗಿ ಜೋಡಿಸುತ್ತೇನೆ. ಹೊರಗಿಟ್ಟ ‘ಟಿ’ಯನ್ನು ಈಗ ವಾಪಸ್ ತಂದು ‘ಟ್ಯಾ ಲಿ’ ಗಣದ ಬಲಕ್ಕೆ ಮೆದುವಾಗಿ ಸೇರಿಸುತ್ತೇನೆ. ಈಗ ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು. ಮೇಲೆ ಎರಡನ್ನೂ ಸೇರಿಸುವ ಕವಲು. ಇಂಥ ಪದಗಳಲ್ಲಿ ಬಲಗಡೆಯದು ಗಟ್ಟಿ. ತುದಿಯಿಂದ ಕೆಳಗೆ ಬೆರಳಿಟ್ಟು ಗಟ್ಟಿ ಕೊಂಬೆಯಲ್ಲೇ ಇಳಿಯಿರಿ. ಕೊನೆಗೆ ತಲುಪುವುದು ‘ಟ್ಯಾ’ವನ್ನು. ಮುಖ್ಯ ಒತ್ತು ಅದೇ. ‘ಹಾಸ್’ ತನ್ನ ಗುಂಪಿನಲ್ಲಿ ಗಟ್ಟಿ, ಆದರೆ ಗುಂಪೇ ಮೆದು ಕೊಂಬೆಯಲ್ಲಿದೆ. ಅದಕ್ಕೆ ಸಿಗುವುದು ಎರಡನೇ ದರ್ಜೆಯ ಒತ್ತು. ಹಾಸ್ಪಿಟಲ್ ಪದದ ಒತ್ತು ಎಲ್ಲೂ ಹೋಗಿಲ್ಲ, ಇನ್ನೊಂದು ಗಣ ಬಂದು ಅದನ್ನು ಹಿಂದೆ ಹಾಕಿದೆ ಅಷ್ಟೆ.

‘ರೆಸ್ಪಾನ್ಸಿಬಿಲಿಟಿ’ಯನ್ನೂ ಮಕ್ಕಳು ಇದೇ ಮರದಲ್ಲಿ ಬಿಡಿಸುತ್ತಾರೆ. ‘ಟಿ’ ಹೊರಗೆ, ‘ಬಿ ಲಿ’ ಗಣ, ‘ಸಿ’ ಒಂಟಿ, ‘ಸ್ಪಾನ್’ ಗುರು. ಮೊದಲಿನ ‘ರಿ’ಗೆ ಜೊತೆಯೇ ಇಲ್ಲ. ಮುಖ್ಯ ಒತ್ತು ‘ಬಿ’ ಮೇಲೆ, ಎರಡನೆಯದು ‘ಸ್ಪಾನ್’ ಮೇಲೆ. ನಮ್ಮವರು ಒತ್ತುವ ಮೊದಲ ತುಂಡಿಗೆ ಒತ್ತೇ ಇಲ್ಲ.

ಮರ ಹಾಕಿಸುವುದರಿಂದ ಇನ್ನೂ ದೊಡ್ಡ ಲಾಭ ಇದೆ. ಗಣದ ತಲೆಯಲ್ಲಿ ಇಲ್ಲದ ತುಂಡಿನ ಸ್ವರ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸವೆದುಹೋಗುತ್ತದೆ. ಅದು ಬಾಯಿ ಪೂರ್ತಿ ತೆರೆಯದ ಸಣ್ಣ ‘ಅ’ ಅಥವಾ ಸಣ್ಣ ‘ಇ’ ಆಗುತ್ತದೆ. ಗುಲ್ಮೊಹರ್ ಜೊತೆಗೆ ಕಾಣುವ ನೇರಳೆ ಹೂವಿನ ‘ಜಕರಂಡಾ’ ಮರವನ್ನು ತಗೊಳ್ಳಿ: ‘ಜ್ಯಾ-ಕ-ರ್ಯಾನ್-ಡ’. ‘ಡ’ ಹೊರಗೆ, ‘ರ್ಯಾನ್’ ಒಂದು ಗಣ, ‘ಜ್ಯಾ ಕ’ ಸೇರಿ ಇನ್ನೊಂದು. ತಲೆಗಳು ‘ಜ್ಯಾ’ ಮತ್ತು ‘ರ್ಯಾನ್’. ಬರವಣಿಗೆಯಲ್ಲಿ ನಾಲ್ಕೂ ಕಡೆ ಒಂದೇ ಸ್ವರಾಕ್ಷರ ಇದೆ. ಬಾಯಲ್ಲಿ ಎರಡು ಕಡೆ ತುಂಬು ಸ್ವರ, ಎರಡು ಕಡೆ ಸವೆದ ಸ್ವರ. ನಮ್ಮ ಮಕ್ಕಳ ಇಂಗ್ಲಿಷ್ ಹೊರಗಿನ ಅತಿಥಿಗಳಿಗೆ ಅರ್ಥವಾಗದೇ ಇರುವುದಕ್ಕೆ ಒತ್ತು ತಪ್ಪುವುದಕ್ಕಿಂತ ಹೀಗೆ ಸವೆಸದೇ ಇರುವುದೇ ಜಾಸ್ತಿ ಕಾರಣ ಎಂದು ನನ್ನ ಅನಿಸಿಕೆ. ಅದಕ್ಕೇ ಮರ ಹಾಕಿದ ಮೇಲೆ ಗಣದ ತಲೆಯಲ್ಲಿ ಇಲ್ಲದ ಸ್ವರಗಳನ್ನೆಲ್ಲ ಅಳಿಸಿ ಚುಕ್ಕಿ ಇಡಿಸುತ್ತೇನೆ, ಆಮೇಲೆ ಓದಿಸುತ್ತೇನೆ.

ಕ್ರಿಯಾಪದಕ್ಕೆ ಒಂದು ಸಣ್ಣ ತಿದ್ದುಪಡಿ ಇದೆ. ಅಲ್ಲಿ ಇಡೀ ಕೊನೆಯ ತುಂಡನ್ನು ಬಿಡುವುದಿಲ್ಲ, ಕೊನೆಯ ಒಂದು ವ್ಯಂಜನವನ್ನು ಮಾತ್ರ ಬಿಡುತ್ತೇವೆ. ‘ಡಿ-ವೆ-ಲಪ್’ನಲ್ಲಿ ‘ಪ್’ ಬಿಟ್ಟರೆ ‘ಲ’ ಲಘು, ‘ವೆ’ ಲಘು, ಸೇರಿ ಗಣ. ಒತ್ತು ‘ವೆ’ ಮೇಲೆ. ‘ಕ-ಲ್ಯಾಪ್ಸ್’ನಲ್ಲಿ ‘ಸ್’ ಬಿಟ್ಟರೂ ‘ಲ್ಯಾಪ್’ ಮುಚ್ಚಿಕೊಂಡೇ ಇದೆ, ಗುರು, ಒತ್ತು ಅಲ್ಲೇ.

ಲೆಕ್ಕ ಕೆಡುವುದು ಹೆಚ್ಚಾಗಿ ಪ್ರತ್ಯಯಗಳಿಂದ. ‘ಡೆವಲಪ್‌ಮೆಂಟ್’ಗೆ ನೇರವಾಗಿ ಗಣ ಹಾಕಿದರೆ ‘ಮೆಂಟ್’ ಹೊರಗೆ ಹೋಗಿ ‘ಲಪ್’ ಗುರುವಾಗಿ ಒತ್ತು ಅಲ್ಲಿ ಬೀಳುತ್ತದೆ, ಅದು ತಪ್ಪು. ‘ಮೆಂಟ್’, ‘ನೆಸ್’, ‘ಇಂಗ್’ ಇವು ಪದಕ್ಕೆ ಒತ್ತು ಸಿಕ್ಕ ಮೇಲೆ ಬಂದು ಅಂಟುವಂಥವು. ಮೊದಲು ಅವನ್ನು ಕಿತ್ತಿಡಬೇಕು, ಉಳಿದ ಪದಕ್ಕೆ ಒತ್ತು ಹುಡುಕಬೇಕು, ಆಮೇಲೆ ಮತ್ತೆ ಅಂಟಿಸಬೇಕು. ‘ಇಟಿ’ ಹಾಗಲ್ಲ, ಅದು ಪದದ ಒಳಗೇ ಸೇರಿ ಲೆಕ್ಕಕ್ಕೆ ಬರುತ್ತದೆ, ಹಾಸ್ಪಿಟ್ಯಾಲಿಟಿಯಲ್ಲಿ ನೋಡಿದೆವಲ್ಲ. ‘ಇಕ್’ ಇನ್ನೊಂದು ಬಗೆ. ಅದು ಬಹುತೇಕ ಯಾವಾಗಲೂ ತನ್ನ ಹಿಂದಿನದನ್ನೇ ಒತ್ತಿಸುತ್ತದೆ. ‘ಅ-ರೋ-ಮ’ ಪದದಲ್ಲಿ ಒತ್ತು ‘ರೋ’ ಮೇಲೆ, ‘ಅರೊಮ್ಯಾಟಿಕ್’ ಆದಾಗ ‘ಮ್ಯಾ’ ಮೇಲೆ. ಕೊನೆಯ ತುಂಡಿನಲ್ಲಿ ದೀರ್ಘ ಸ್ವರವಿದ್ದು ಅದೇ ಒತ್ತು ಹಿಡಿದುಕೊಳ್ಳುವ ನಾಮಪದಗಳೂ ಇವೆ, ‘ಎಂಜಿನಿಯರ್’ ಹಾಗೆ. ಅಲ್ಲಿ ಕೊನೆಯದನ್ನು ಹೊರಗಿಡಬಾರದು.

ಕೆಲವು ಪದ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಾಫಿ ತೋಟಗಳ ನಡುವೆ ಹಲವರು ಬೆಳೆದು ನೋಡಿದ ವೆನಿಲಾ ಅಂಥದ್ದು. ‘ವ-ನಿ-ಲ’ದಲ್ಲಿ ‘ನಿ’ ಬರೀ ಲಘು. ಲೆಕ್ಕದಂತೆ ಒತ್ತು ‘ವ’ ಮೇಲೆ ಇರಬೇಕಿತ್ತು, ಇರುವುದು ‘ನಿ’ ಮೇಲೆ. ಬರೆಯುವಾಗ ಅಲ್ಲಿ ಎರಡು ‘ಲ’ಕಾರ ಇವೆ, ಉಚ್ಚಾರದಲ್ಲಿ ಒಂದೇ. ಚಾಮ್‌ಸ್ಕಿ ಮತ್ತು ಹ್ಯಾಲೆ ಇಂಥ ಪದಗಳಲ್ಲಿ ಆ ಜೋಡಿ ವ್ಯಂಜನ ಮೂಲರೂಪದಲ್ಲಿ ಇದೆ, ಒತ್ತು ಬಿದ್ದ ಮೇಲೆ ಒಂದಾಗುತ್ತದೆ ಎಂದು ವಿವರಿಸಿದರು. ಅದು ಸರಿಯೋ ಅಲ್ಲವೋ, ತರಗತಿಯಲ್ಲಿ ಕೆಲಸಕ್ಕೆ ಬರುತ್ತದೆ. ಕೊನೆಯ ಸ್ವರದ ಹಿಂದೆ ಜೋಡಿ ವ್ಯಂಜನ ಬರೆದಿದ್ದರೆ ಅದರ ಹಿಂದಿನದನ್ನು ಗುರು ಎಂದುಕೊಂಡು ಒತ್ತಿ ನೋಡಿ, ಆಮೇಲೆ ನಿಘಂಟು ತೆರೆಯಿರಿ ಎನ್ನುತ್ತೇನೆ. ಅಲ್ಲಿ ತುಂಡಿನ ಮುಂದೆ ಮೇಲ್ಗಡೆ ಗೀಟು ಇದ್ದರೆ ಮುಖ್ಯ ಒತ್ತು, ಕೆಳಗಡೆ ಇದ್ದರೆ ಎರಡನೆಯದು. ಮಕ್ಕಳು ತಮ್ಮ ಮರವನ್ನು ಆ ಗೀಟುಗಳ ಜೊತೆ ಇಟ್ಟು ನೋಡುತ್ತಾರೆ. ಹೊಂದದ ಪದಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಾರೆ. ಬಾಯಿಪಾಠ ಮಾಡಬೇಕಾದವು ಅವು ಮಾತ್ರ.