ಪ್ರಾತಿಕಾಮಿಗೆ ಬೆರಳು ಸಾಲಲಿಲ್ಲ

ದ್ರೌಪದಿಯನ್ನು ಸಭೆಗೆ ಎಳೆದು ತಂದವನು ದುಶ್ಶಾಸನ. ಆದರೆ ಅವಳನ್ನು ಕರೆಯಲು ಮೊದಲು ಹೋದವನು ಬೇರೆ. ವಿದುರ ಹೋಗದೆ ಬೈದುಬಿಟ್ಟ ಮೇಲೆ ದುರ್ಯೋಧನ ಒಬ್ಬ ಸೂತನನ್ನು ಕಳಿಸುತ್ತಾನೆ. ಅವನೇ ಪ್ರಾತಿಕಾಮಿ. ಆ ಪದಕ್ಕೆ ಆಳು, ಸುದ್ದಿ ಒಯ್ಯುವವನು ಎಂದೇ ಅರ್ಥ. ಅದು ಹೆಸರೋ ಕೆಲಸವೋ, ವ್ಯಾಸರು ಬಿಡಿಸಿ ಹೇಳುವುದಿಲ್ಲ.

ನಮ್ಮ ಹವ್ಯಾಸಿ ತಂಡಕ್ಕೆ ಇಪ್ಪತ್ತು ನಿಮಿಷದ ಏಕವ್ಯಕ್ತಿ ನಾಟಕ ಬೇಕಿತ್ತು. ನಾನು ಇವನನ್ನು ಆರಿಸಿಕೊಂಡೆ. ಮೊದಲ ಕರಡಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಅವನನ್ನು ಬಂಡಾಯಗಾರ ಮಾಡಿಬಿಟ್ಟೆ. ರಾಜರು, ಜಾತಿ, ಹೆಣ್ಣು, ಎಲ್ಲದರ ಮೇಲೂ ಉದ್ದುದ್ದ ಮಾತು. ಪಾತ್ರ ಮಾಡಬೇಕಿದ್ದ ಗೆಳೆಯ ಓದಿ ಕೇಳಿದ, "ಇವನು ಇಷ್ಟು ಮಾತಾಡೋನಾಗಿದ್ರೆ ದುರ್ಯೋಧನ ಇವನನ್ನ ಬಾಗಿಲಲ್ಲಿ ಇಟ್ಕೋತಿದ್ನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕರಡನ್ನು ಪಕ್ಕಕ್ಕಿಟ್ಟು ಸಭಾಪರ್ವಕ್ಕೆ ವಾಪಸ್ ಹೋದೆ. ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿಕೊಂಡೆ. ಒಂದರಲ್ಲಿ ಅವನಿಗೆ ಯಾರು ಏನು ಹೇಳಿದರು, ಇನ್ನೊಂದರಲ್ಲಿ ಅವನು ಬಾಯಿಬಿಟ್ಟು ಆಡಿದ್ದೇನು. ಹಾಳೆ ಅರ್ಧವೂ ತುಂಬಲಿಲ್ಲ. ಆದರೆ ಆ ಅರ್ಧ ಹಾಳೆಯಲ್ಲೇ ಎಲ್ಲ ಇತ್ತು.

ಅವನು ಅಂತಃಪುರಕ್ಕೆ ಹೋಗುವುದನ್ನು ವ್ಯಾಸರು ಸಿಂಹಗಳ ಕೊಟ್ಟಿಗೆ ಹೊಕ್ಕ ನಾಯಿಗೆ ಹೋಲಿಸುತ್ತಾರೆ. ದ್ರೌಪದಿಗೆ ನಂಬಿಕೆ ಬರುವುದಿಲ್ಲ. ಯಾವ ರಾಜಕುಮಾರ ಹೆಂಡತಿಯನ್ನು ಪಣಕ್ಕಿಡುತ್ತಾನೆ, ಬೇರೇನೂ ಇರಲಿಲ್ಲವಾ ಎನ್ನುತ್ತಾಳೆ. ಅವನು ಹೇಳುತ್ತಾನೆ: ಬೇರೇನೂ ಉಳಿಯದಾಗ ಮೊದಲು ತಮ್ಮಂದಿರನ್ನು ಇಟ್ಟ, ಆಮೇಲೆ ತನ್ನನ್ನೇ ಇಟ್ಟುಕೊಂಡ, ಆಮೇಲೆ ನಿನ್ನನ್ನು.

ಈ ಸಾಲನ್ನು ಅದೆಷ್ಟು ಸಲ ಓದಿದ್ದೆನೋ, ಆ 'ಆಮೇಲೆ'ಗಳ ಮೇಲೆ ಕಣ್ಣು ನಿಂತಿರಲಿಲ್ಲ. ದ್ರೌಪದಿಯ ಮುಂದಿನ ಮಾತೇ ಇದು: ಹೋಗಿ ಆ ಜೂಜುಕೋರನನ್ನು ಕೇಳು, ಮೊದಲು ಸೋತದ್ದು ತನ್ನನ್ನೋ ನನ್ನನ್ನೋ? ಇಡೀ ಸಭೆಯ ಬಾಯಿ ಕಟ್ಟಿಸಿದ ಪ್ರಶ್ನೆ ಅದು. ಅದಕ್ಕೆ ಬೇಕಾದ ಸಾಮಾನನ್ನು ಅವಳ ಕೈಗೆ ಕೊಟ್ಟವನು ಈ ಆಳು. 'ನಿನ್ನನ್ನು ಸೋತಿದ್ದಾರೆ, ಬಾ' ಎಂದಷ್ಟೇ ಹೇಳಿದ್ದರೆ? ಉತ್ತರ ಅವಳಿಗೆ ಆಗಲೇ ಗೊತ್ತು. ಅದನ್ನು ಧರ್ಮರಾಯನ ಬಾಯಿಂದ, ಸಭೆಯ ಎದುರಿಗೆ ಹೇಳಿಸಬೇಕಿತ್ತು, ಅಷ್ಟೇ. ಧರ್ಮರಾಯ ಒಳ್ಳೆಯದು ಕೆಟ್ಟದ್ದು ಏನೂ ಅನ್ನದೆ ಜೀವ ಹೋದವನ ಹಾಗೆ ಕೂತುಬಿಡುತ್ತಾನೆ.

"ಬೇಕಂತಲೇ ಹಾಗೆ ಹೇಳಿದ್ನಾ?" ಅಂತ ಗೆಳೆಯ ಕೇಳಿದ. ಇಲ್ಲೇ ನಾವು ಒಂದು ವಾರ ಜಗಳ ಆಡಿದ್ದು. ಹೌದು ಎಂದರೆ ಮತ್ತೆ ಅದೇ ಬಂಡಾಯಗಾರ. ಇಲ್ಲ ಎಂದರೆ ಬರೀ ಹೆದರುಪುಕ್ಕಲ. ದುರ್ಯೋಧನನ ಪ್ರಕಾರ ಅವನು ಅದೇ: ಇವನಿಗೆ ಭೀಮನ ಭಯ ಎಂದು ತಮ್ಮನಿಗೆ ಹೇಳಿ, ನೀನೇ ಹೋಗು ಎನ್ನುತ್ತಾನೆ. ಆದರೆ ವ್ಯಾಸರು ಹೇಳುವ ಭಯ ಬೇರೆ, ಅದು ದ್ರೌಪದಿಯ ಸಿಟ್ಟಿನ ಭಯ. ಎರಡನೇ ಸಲ ಅವಳ ಹತ್ತಿರ ಹೋದಾಗಲಂತೂ ಯಾರೂ ಕೇಳದೆಯೇ, ಕೌರವರ ನಾಶ ಬಂತು ಅನ್ನಿಸುತ್ತದೆ ಎಂದುಬಿಡುತ್ತಾನೆ. ಕಡೆಗೆ ದೊರೆಯ ಅಪ್ಪಣೆ ಮೀರಿ ಸಭೆಯವರನ್ನೇ ಕೇಳುತ್ತಾನೆ: ಕೃಷ್ಣೆಗೆ ನಾನು ಏನಂತ ಹೇಳಲಿ? ಆಳಿಗೆ ಸಂದೇಶ ಬೇಕು. ಕಳಿಸುವವರಲ್ಲಿ ಸಂದೇಶವೇ ಇಲ್ಲ.

ಹೊಸ ಕಾಲದ ಲೇಖಕರು ಇಂಥ ಜಾಗವನ್ನು ಎರಡು ಥರ ತುಂಬಿದ್ದಾರೆ. ಕಾರ್ನಾಡರ 'ಯಯಾತಿ'ಯಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆ ಬಂದು, ಮೂಲದಲ್ಲಿ ಯಾರೂ ಕೇಳದ್ದನ್ನು ಕೇಳುತ್ತಾಳೆ. ಧರ್ಮವೀರ ಭಾರತಿಯವರ 'ಅಂಧಾ ಯುಗ್'ನಲ್ಲಿ ಇಬ್ಬರು ಕಾವಲುಗಾರರು ಸುಮ್ನೆ ಅತ್ತಿಂದಿತ್ತ ನಡೆಯುತ್ತಾರೆ, ಯುದ್ಧ ಅವರದ್ದಲ್ಲ. ನನಗೆ ಈ ಎರಡನೇ ದಾರಿ ಹಿಡಿಸಿತು. ಬಾಯಿಲ್ಲದವನಿಗೆ ನಮ್ಮ ಬಾಯಿ ಜೋಡಿಸಿದರೆ ಅವನು ಮತ್ತೊಮ್ಮೆ ಸಂದೇಶ ಹೊರುವ ಆಳೇ ಆಗುತ್ತಾನೆ ಅಲ್ವಾ, ಈ ಸಲ ನಮ್ಮ ಸಂದೇಶ.

ಹಾಗಾಗಿ ಮಾತು ಕಡಿದೆ. ಅವನು ದ್ರೌಪದಿಯ ಮುಂದೆ ಬೆರಳು ಮಡಚಿ ಎಣಿಸುತ್ತಾನೆ. ಪಣಕ್ಕಿಟ್ಟ ಕ್ರಮದಲ್ಲೇ: ನಕುಲ, ಸಹದೇವ, ಅರ್ಜುನ, ಭೀಮ, ಧರ್ಮರಾಯ. ಐದು ಬೆರಳೂ ಮುಗಿದು ಮುಷ್ಟಿ ಆಯಿತು. ಆರನೆಯ ಹೆಸರಿಗೆ ಬೆರಳಿಲ್ಲ. ಆ ಮುಷ್ಟಿಯನ್ನೇ ನೋಡುತ್ತಾ ನಿಲ್ಲುತ್ತಾನೆ. ಬೇಕಂತ ಮಾಡಿದನೋ ಇಲ್ಲವೋ, ಹೇಳಬೇಕಾಗಲೇ ಇಲ್ಲ. ತಾಲೀಮಿನಲ್ಲಿ ಗೆಳೆಯ ಮೊದಮೊದಲು ಮುಷ್ಟಿಯನ್ನು ಮೇಲೆತ್ತುತ್ತಿದ್ದ. ಮತ್ತೆ ಘೋಷಣೆ ಕೂಗುವವನ ಹಾಗೆ ಕಾಣುತ್ತಿತ್ತು. ಹೊಟ್ಟೆಯ ಮಟ್ಟಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಕೊನೆಗೆ ಅವನು ಮನೆಗೆ ಹೋಗಿ ಹೆಂಡತಿಯ ಎದುರು ಅಳುವ ದೃಶ್ಯವೊಂದಿತ್ತು. ಅದನ್ನೂ ತೆಗೆದೆ. ದುಶ್ಶಾಸನ ಎದ್ದ ಮೇಲೆ ವ್ಯಾಸರು ಇವನ ಕಡೆ ತಿರುಗಿ ನೋಡುವುದಿಲ್ಲ. ನಮ್ಮ ನಾಟಕದಲ್ಲೂ ಪಕ್ಕದಿಂದ ಯಾರೋ ದಾಪುಗಾಲು ಹಾಕಿ ಹೋದ ಸದ್ದು ಕೇಳುತ್ತದೆ, ಇವನು ಒಂದು ಹೆಜ್ಜೆ ಸರಿದು ದಾರಿ ಬಿಡುತ್ತಾನೆ. ಬೆಳಕು ಆರುತ್ತದೆ.