ಅರವತ್ತು ರೊಟ್ಟಿ ಮುಗಿದ ಮೇಲೆ ಒಡೆದ ಗ್ಲಾಸ್

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಗದಗದಿಂದ ನನ್ನ ನೆಗೆಣ್ಣಿ ಫೋನ್ ಮಾಡಿದಳು. "ಅಕ್ಕಾ, ಬಾಂಬ್ ಬಿದ್ದಂಗ ಆತ್ರಿ! ಗ್ಯಾಸ್ ಒಲಿ ಆರಿಸಿ ಹಿಟ್ಟಿನ ಡಬ್ಬಿ ಒಳಗ ಇಟ್ಟು ಬರೋದ್ರಾಗ ಒಲಿ ಮ್ಯಾಲಿನ ಗ್ಲಾಸ್ ಢಪ್ ಅಂತು." ಹೊಲಕ್ಕೆ ಒಯ್ಯಲು ಅರವತ್ತು ಸಜ್ಜೆ ರೊಟ್ಟಿ ಮಾಡಿ ಮುಗಿಸಿದ್ದಳು. ಪುಣ್ಯಕ್ಕೆ ಒಲೆ ಹತ್ತಿರ ಯಾರೂ ಇರಲಿಲ್ಲ.

ಮಾರನೇ ದಿನ ಧಾರವಾಡದಿಂದ ಹೋದಾಗ ಒಲೆಯನ್ನು ತಿರುವಿ ನೋಡಿದೆ. ಎಡಗಡೆ ಬರ್ನರಿನ ಕೆಳಗೆ ಕಪ್ಪು ಮಸಿ ಹಿಡಿದಿತ್ತು. ಬೆಂಕಿ ಮೇಲಷ್ಟೇ ಅಲ್ಲ, ಕೆಳಗೂ ಉರಿದಿದೆ ಅಂತ ಅಲ್ಲೇ ಗೊತ್ತಾಯಿತು. ಹಿಂದಿನ ರಾತ್ರಿ ಬರ್ನರಿನ ಹಿತ್ತಾಳೆ ತಲೆಯನ್ನು ತೊಳೆದು, ಕತ್ತಲಲ್ಲಿ ಸೊಟ್ಟಗೆ ಕೂರಿಸಿದ್ದರಂತೆ. ಸರಿಯಾಗಿ ಕೂರದಿದ್ದರೆ ಗ್ಯಾಸ್ ಸಂದಿಯಿಂದ ಹೊರಬಂದು, ಜ್ವಾಲೆ ಗ್ಲಾಸಿಗೇ ತಾಗುತ್ತದೆ. ಅದರ ಮೇಲೆ ಸ್ಟ್ಯಾಂಡಿಗಿಂತ ಅಗಲವಾದ ದೊಡ್ಡ ಹಂಚು. ಎರಡು ತಾಸು ಜೋರು ಉರಿ. ಹಂಚಿಗೆ ಬಡಿದ ಕಾವು ಮೇಲೆ ಹೋಗಲು ಜಾಗ ಇಲ್ಲದೆ ಕೆಳಗೇ ಹರಡುತ್ತದೆ.

ಇನ್ನೊಂದನ್ನು ಕೇಳಿ ತಿಳಿದುಕೊಂಡೆ. ದೀಪಾವಳಿ ಹೊತ್ತಿಗೆ ಇಕ್ಕಳ ಕೈಜಾರಿ ಗ್ಲಾಸಿನ ಮುಂದಿನ ಅಂಚಿಗೆ ಬಿದ್ದಿತ್ತು. ಅಕ್ಕಿಕಾಳಿನಷ್ಟು ಚೂರು ಹಾರಿತ್ತು. "ಏನೂ ಆಗಲಿಲ್ಲ ಅಂತ ಬಿಟ್ಟೆವ್ರಿ" ಅಂದಳು. ನನ್ನ ಲೆಕ್ಕದಲ್ಲಿ ತೊಂದರೆ ಶುರುವಾದದ್ದು ಅಲ್ಲಿಂದ.

ಇಂಥ ಒಲೆಗೆ ಹಾಕುವ ಟಫನ್ಡ್ ಗ್ಲಾಸ್ ಮಾಡುವಾಗ ಅದನ್ನು 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ತಣಿಯುತ್ತಾ ಕುಗ್ಗುತ್ತದೆ. ಹಾಗಾಗಿ ಮೇಲ್ಪದರ ಒತ್ತಿ ಹಿಡಿದಂತೆ, ಒಳಭಾಗ ಎಳೆದು ಹಿಡಿದಂತೆ ಇರುತ್ತದೆ. ಆ ಬಿಗಿಯೇ ಅದರ ಶಕ್ತಿ. ನಡುವೆ ಸಾಧಾರಣ ಪೆಟ್ಟು ತಡೆಯುತ್ತದೆ, ಅಂಚು ಮಾತ್ರ ನಾಜೂಕು. ಅಂಚಿನ ಗಾಯ ಮೇಲ್ಪದರ ದಾಟಿ ಒಳಗೆ ಇಳಿಯಿತೋ, ಇಡೀ ಗ್ಲಾಸ್ ಒಮ್ಮೆಲೇ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಕಾಯುವಾಗಲೇ ಒಡೆಯಬೇಕೆಂದಿಲ್ಲ. ಒಲೆ ಆರಿಸಿದ ಮೇಲೆ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ ಇರುವಾಗಲೂ ಗಾಯ ಬಾಯಿ ಬಿಡುತ್ತದೆ. ಅಂದಹಾಗೆ, ಗ್ಲಾಸಿನಲ್ಲಿ ಉದ್ದ ಬಿರುಕು ಬಿಟ್ಟು ತಿಂಗಳುಗಟ್ಟಲೆ ಹಾಗೇ ನಿಂತಿದೆ ಅಂದರೆ ಅದು ನಿಜವಾದ ಟಫನ್ಡ್ ಅಲ್ಲವೇ ಅಲ್ಲ. ಅದನ್ನೂ ಬಳಸಬೇಡಿ.

ಅದಕ್ಕೇ ನಾನು ವಾರಕ್ಕೊಮ್ಮೆ ಒಲೆ ತಣ್ಣಗಿದ್ದಾಗ ನಾಲ್ಕೂ ಅಂಚನ್ನು ಬ್ಯಾಟರಿ ಹಿಡಿದು ನೋಡುತ್ತೇನೆ. ಬೆರಳಾಡಿಸಬೇಡಿ, ಚುಚ್ಚಿಕೊಂಡೀತು. ಚೂರು ಹಾರಿದ್ದರೆ ಟೇಪು, ಎಂ-ಸೀಲ್ ಹಚ್ಚೋದು ಸುಮ್ನೆ. ಗ್ಲಾಸೇ ಬದಲಿಸಬೇಕು. ಟಫನ್ಡ್ ಗ್ಲಾಸನ್ನು ಆಮೇಲೆ ಕತ್ತರಿಸಲು ಆಗಲ್ಲ, ಆ ಮಾಡೆಲ್‌ನದ್ದೇ ತರಿಸಬೇಕು.

ಬರ್ನರ್ ತೊಳೆದ ಮೇಲೆ ಪೂರ್ತಿ ಒಣಗಿಸಿ, ಕೂರಿಸಿ, ಅಲುಗಾಡಿಸಿ ನೋಡಿ. ಪಾತ್ರೆ ಇಡದೆ ಹಚ್ಚಿ. ಸುತ್ತಲೂ ಸಮನಾದ ನೀಲಿ ಉರಿ ಬರಬೇಕು. ಒಂದು ಕಡೆ ಹಳದಿ ನಾಲಗೆ ಚಾಚಿದರೆ, ಬರ್ನರಿನ ಬುಡದಲ್ಲಿ ಬೆಂಕಿ ಕಂಡರೆ, ಒಳಗಿಂದ ಭುಸ್ಸೆಂದು ಸದ್ದು ಬಂದರೆ ತಕ್ಷಣ ಆರಿಸಿ, ತಣಿದ ಮೇಲೆ ಮತ್ತೆ ಕೂರಿಸಿ. ಆಗಲೂ ಹಾಗೇ ಆದರೆ ರಿಪೇರಿಯವರನ್ನು ಕರೆಸಿ.

ರೊಟ್ಟಿ ಮಾಡುವವರಿಗೆ ಇನ್ನೂ ಒಂದು ಮಾತು. ರೊಟ್ಟಿ ಮೇಲೆ ನೀರು ಸವರುವ ಬಟ್ಟೆಯನ್ನು ಚೆನ್ನಾಗಿ ಹಿಂಡಿ. ತೊಟ್ಟಿಕ್ಕುವ ನೀರು ಕಾದ ಗ್ಲಾಸಿಗೆ ಒಳ್ಳೆಯದಲ್ಲ. ಕೊನೆಯ ರೊಟ್ಟಿ ತೆಗೆದು ಹಾಗೇ ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ನನಗೂ ಇತ್ತು, ಬಿಡಲು ಕಷ್ಟವಾಯಿತು. ಈಗ ಊಟ ಮುಗಿಸಿ ಬಂದು ಒರೆಸುತ್ತೇನೆ. ಹಂಚು ಸ್ಟ್ಯಾಂಡಿನ ಕಾಲು ಮೀರದಿರಲಿ. ಒಂದೇ ಹಂಚನ್ನು ಎರಡು ಬರ್ನರ್ ಮೇಲೆ ಅಡ್ಡ ಇಡಬೇಡಿ.

ಒಡೆದೇ ಹೋದರೆ ಚಪ್ಪಲಿ ಮೆಟ್ಟಿಕೊಂಡೇ ಹತ್ತಿರ ಹೋಗಿ, ರೆಗ್ಯುಲೇಟರ್ ಬಂದ್ ಮಾಡಿ. ಚೂರು ಬಿಸಿ ಇರುತ್ತವೆ, ತಣಿಯಲಿ. ತೆರೆದಿಟ್ಟ ಪಲ್ಯ, ನಾದಿದ ಹಿಟ್ಟು ಎಷ್ಟೇ ಇದ್ದರೂ ಚೆಲ್ಲಿಬಿಡಿ. ಗ್ಲಾಸ್ ಇಲ್ಲದ ಒಲೆಯನ್ನು "ಬರ್ನರ್ ಸರಿ ಇದೆಯಲ್ವಾ" ಅಂತ ಹಚ್ಚಬೇಡಿ. ಸ್ಟ್ಯಾಂಡಿಗೆ ಆಧಾರವೇ ಇರುವುದಿಲ್ಲ.

ನೆಗೆಣ್ಣಿ ಪಲ್ಯ ಚೆಲ್ಲಿದಳು, ರೊಟ್ಟಿ ಚೆಲ್ಲಲು ಮನಸ್ಸು ಬರಲಿಲ್ಲ. ಅವು ಪಡಸಾಲೆಯಲ್ಲಿ ಬುಟ್ಟಿಯೊಳಗೆ ಬಟ್ಟೆ ಮುಚ್ಚಿಕೊಂಡಿದ್ದವು, ಹಾಗಾಗಿ ಉಳಿದವು. ಎಣ್ಣೆಗಾಯಿಯನ್ನು ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಮತ್ತೆ ಮಾಡಿದೆವು. ಈಗ ದೊಡ್ಡ ಹಂಚೂ ಅಲ್ಲಿಗೇ ಹೋಗಿದೆ.