‘ನಮ್ಮಲ್ಲೇ ಯಾಕೆ?’ ಎಂದು ಅರ್ಜಿಯಲ್ಲಿ ಕೇಳಿದರೆ ಏನು ಬರೆಯಬೇಕು

ಕೆಲಸದ ಅರ್ಜಿಯಲ್ಲಿ ಹೆಸರು, ಓದು, ಅನುಭವ ಎಲ್ಲ ಸರಸರ ತುಂಬಿ ಮುಗಿಯುತ್ತದೆ. ‘ನಮ್ಮ ಸಂಸ್ಥೆಗೆ ಯಾಕೆ ಸೇರಬೇಕು ಅಂತಿದ್ದೀರಿ?’ ಎಂಬ ಕಾಲಂ ಬಂದ ಕೂಡಲೇ ಕೈ ನಿಲ್ಲುತ್ತದೆ. ಆಗ ಹೆಚ್ಚಿನವರು ಹೊಗಳಿಕೆಗೆ ಇಳಿಯುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಸುರಪುರ ಕಡೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಗಣಿತ ಮುಗಿಸಿದ್ದಾಳೆ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಲ್ಲಿ ಯಾದಗಿರಿ ಜಿಲ್ಲೆಯ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಅವಳ ಮೊದಲ ಕರಡು ಹೀಗಿದೆ:

‘ತಮ್ಮದು ದೇಶದಲ್ಲೇ ಹೆಸರಾಂತ ಸಂಸ್ಥೆ. ಶಿಕ್ಷಣ ಕ್ಷೇತ್ರಕ್ಕೆ ತಮ್ಮ ಕೊಡುಗೆ ಅಪಾರ. ನನಗೆ ಮಕ್ಕಳೆಂದರೆ ತುಂಬಾ ಇಷ್ಟ. ತಮ್ಮೊಂದಿಗೆ ಕೆಲಸ ಮಾಡುವುದು ನನ್ನ ಸೌಭಾಗ್ಯ.’

ಇದರಲ್ಲಿ ಸುಳ್ಳೇನಿಲ್ಲ. ಆದರೆ ಸಂಸ್ಥೆ ದೊಡ್ಡದು ಅನ್ನುವುದು ಅರ್ಜಿ ಓದುವವರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಈ ಹುಡುಗಿಯ ವಿಷಯ, ಅದು ಇಲ್ಲಿ ಒಂದು ಸಾಲೂ ಇಲ್ಲ. ಇದನ್ನೇ ಬೇರೆ ಯಾವ ಶಿಕ್ಷಣ ಸಂಸ್ಥೆಗೆ ಕಳಿಸಿದರೂ ಒಂದಕ್ಷರ ಬದಲಿಸಬೇಕಿಲ್ಲ.

ಹಾಗಾಗಿ ಬರೆಯುವ ಮೊದಲು ಮಾಡಬೇಕಾದ ಕೆಲಸ ಓದುವುದು. ‘ನಮ್ಮ ಬಗ್ಗೆ’ ಪುಟದಲ್ಲಿ ನಿಲ್ಲಬೇಡಿ, ಅಲ್ಲಿಂದಲೇ ಹೊಗಳಿಕೆಯ ಸಾಲುಗಳು ಹುಟ್ಟುವುದು. ಹುದ್ದೆಯ ವಿವರ ಓದಿ, ಕೆಲಸ ಯಾರ ಜೊತೆ, ಎಲ್ಲಿ, ದಿನವೂ ಏನು ಮಾಡಬೇಕು ಎಂದು ಹುಡುಕಿ. ನಮ್ಮ ಉದಾಹರಣೆಯಲ್ಲಿ ಹೀಗೆ ಹುಡುಕಿದರೆ ಒಂದು ಮುಖ್ಯ ವಿಷಯ ಸಿಗುತ್ತದೆ. ಈ ಸಂಸ್ಥೆ ಜಿಲ್ಲೆಗಳಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ. ಶಿಕ್ಷಕರು ಕೂತು ಮಾತಾಡುವ, ಪಾಠ ತಯಾರಿಸುವ ಕಲಿಕಾ ಕೇಂದ್ರಗಳನ್ನೂ ಅದು ನಡೆಸುತ್ತದೆ. ಅಂದಮೇಲೆ ‘ಮಕ್ಕಳೆಂದರೆ ಇಷ್ಟ’ ಅನ್ನುವ ಕಾರಣ ಗುರಿ ತಪ್ಪಿತು ಅಲ್ವಾ? ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರ ಪಕ್ಕ ಕೂತು ಭಿನ್ನರಾಶಿ ಹೇಗೆ ಹೇಳಿಕೊಡಬಹುದು ಎಂದು ಚರ್ಚಿಸುವ ತಾಳ್ಮೆ ಇದೆಯಾ ಅನ್ನುವುದೇ ಇಲ್ಲಿ ಮುಖ್ಯ.

ಆಮೇಲೆ ನಿಮ್ಮ ಕಡೆಯಿಂದ ಹುಡುಕಿ. ಸಂಸ್ಥೆಯ ಕೆಲಸಕ್ಕೆ ತಾಗುವಂಥ, ನೀವು ನಿಜವಾಗಿ ಮಾಡಿದ ಅಥವಾ ಹತ್ತಿರದಿಂದ ಕಂಡ ಒಂದೆರಡು ಸಂಗತಿ ಸಾಕು. ನಮ್ಮ ಹುಡುಗಿ ರಜೆಯಲ್ಲಿ ಪಕ್ಕದ ತಾಂಡಾದ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದಾಳೆ. ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳು ಕೂಡುವುದು ಕಳೆಯುವುದರಲ್ಲಿ ಹಿಂದಿರಲಿಲ್ಲ, ಲೆಕ್ಕದ ಕನ್ನಡ ವಾಕ್ಯದಲ್ಲೇ ಎಡವುತ್ತಿದ್ದರು. ಇದು ಅವಳು ಕಣ್ಣಾರೆ ಕಂಡದ್ದು. ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಎರಡನ್ನೂ ಜೋಡಿಸಿದ ಮೇಲೆ ಉತ್ತರ ಹೀಗಾಗುತ್ತದೆ:

‘ರಜೆಯಲ್ಲಿ ನಮ್ಮೂರ ಪಕ್ಕದ ತಾಂಡಾದ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ. ಅಂಕಿ ಕೊಟ್ಟರೆ ಸರಿಯಾಗಿ ಮಾಡುವ ಮಕ್ಕಳು ಅದೇ ಲೆಕ್ಕವನ್ನು ಕನ್ನಡ ವಾಕ್ಯದಲ್ಲಿ ಕೊಟ್ಟರೆ ಬಿಟ್ಟುಬಿಡುತ್ತಿದ್ದರು. ಲಂಬಾಣಿಯಲ್ಲಿ ಹೇಳಿದಾಗ ಮಾಡಿದರು. ನಾನೊಬ್ಬಳೇ ಹೇಳಿಕೊಟ್ಟರೆ ಇದು ಒಂದು ತಾಂಡಾಕ್ಕೆ ಮುಗಿಯುತ್ತದೆ. ನೀವು ಶಿಕ್ಷಕರ ಜೊತೆಗೇ ಕೆಲಸ ಮಾಡುವುದರಿಂದ ಇಲ್ಲಿಗೆ ಅರ್ಜಿ ಹಾಕುತ್ತಿದ್ದೇನೆ. ದೊಡ್ಡವರಿಗೆ ತರಬೇತಿ ಕೊಟ್ಟ ಅನುಭವ ನನಗಿಲ್ಲ, ಅದನ್ನು ಕಲಿಯಬೇಕಿದೆ. ಈ ಭಾಗದ ಕನ್ನಡ, ಲಂಬಾಣಿ ಎರಡೂ ನನಗೆ ಬರುತ್ತವೆ.’

ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಸಂಸ್ಥೆಯ ಕೆಲಸದ ಮೇಲಿನ ಗೌರವ ಕಾಣುತ್ತದೆ, ಯಾಕೆಂದರೆ ಅದನ್ನು ಅರ್ಥ ಮಾಡಿಕೊಂಡು ಬರೆದದ್ದು. ಅನುಭವ ಇಲ್ಲ ಎಂದು ಒಪ್ಪಿಕೊಂಡ ಸಾಲನ್ನು ನಾನಾದರೆ ತೆಗೆಯುವುದಿಲ್ಲ. ಉಳಿದದ್ದನ್ನು ನಂಬುವಂತೆ ಮಾಡುವುದು ಅದೇ.

ಸಂಬಳ, ಊರಿಗೆ ಹತ್ತಿರ ಎಂಬ ಕಾರಣಗಳನ್ನು ಬರೆಯಬಹುದಾ ಎಂದು ಕೆಲವರು ಕೇಳುತ್ತಾರೆ. ಸಂಬಳ ಈ ಕಾಲಂನಲ್ಲಿ ಬೇಡ. ಊರಿನ ಮಾತು ಕೆಲಸಕ್ಕೆ ಉಪಯೋಗವಾಗುವಂತಿದ್ದರೆ ಬರೆಯಿರಿ. ‘ಮನೆಗೆ ಹತ್ತಿರ’ ಅನ್ನುವುದು ನಿಮ್ಮ ಅನುಕೂಲ, ‘ಇಲ್ಲಿನ ಮಾತು ಬರುತ್ತದೆ’ ಅನ್ನುವುದು ಅವರ ಅನುಕೂಲ.

ಕೊನೆಗೆ ಜರಡಿ ಹಿಡಿಯಿರಿ. 150 ಪದದ ಮಿತಿ ಇದ್ದರೆ ಸುಮ್ನೆ ತುಂಬಿಸಬೇಕಿಲ್ಲ, ಮೇಲಿನ ಉತ್ತರ ಅದರ ಅರ್ಧಕ್ಕಿಂತ ಕಡಿಮೆಯಲ್ಲೇ ಮುಗಿದಿದೆ. ‘ಅಪಾರ’, ‘ಹೆಮ್ಮೆ’, ‘ಸೌಭಾಗ್ಯ’ ಇದ್ದಲ್ಲಿ ಗೆರೆ ಎಳೆಯಿರಿ. ಆ ಪದ ಹೋದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಇಡೀ ವಾಕ್ಯವನ್ನೇ ಹೊಡೆದುಹಾಕಿ. ಹಳೆ ಅರ್ಜಿಯಿಂದ ನಕಲು ಮಾಡಿದ್ದರೆ ಇನ್ನೊಂದು ಸಂಸ್ಥೆಯ ಹೆಸರು ಹಾಗೇ ಉಳಿದಿದೆಯಾ ನೋಡಿ, ಇದು ತುಂಬಾ ಜಾಸ್ತಿ ಆಗುತ್ತದೆ.

ಕಳಿಸುವ ಮೊದಲು ಉತ್ತರದ ಒಂದು ಪ್ರತಿ ಇಟ್ಟುಕೊಳ್ಳಿ. ಸಂದರ್ಶನದಲ್ಲಿ ಪ್ರಶ್ನೆ ಬರುವುದು ಅಲ್ಲಿಂದಲೇ: ತಾಂಡಾದ ಮಕ್ಕಳಿಗೆ ಯಾವ ಲೆಕ್ಕ ಕೊಟ್ಟಿರಿ, ಲಂಬಾಣಿಯಲ್ಲಿ ಹೇಗೆ ಹೇಳಿದಿರಿ, ಅವರ ಶಾಲೆಯ ಮೇಷ್ಟ್ರ ಹತ್ತಿರ ಮಾತಾಡಿದಿರಾ? ಐದು ನಿಮಿಷ ಮಾತಾಡಲು ಆಗದ ಕಾರಣ ಉತ್ತರದಲ್ಲಿದ್ದರೆ ಅದನ್ನು ಈಗಲೇ ತೆಗೆಯಿರಿ.